ಹೆಸರಿಲ್ಲದ ಚೀಟಿಗಳು ಮತ್ತು ಸೊಲ್ಲಾಪುರದ ಟೂರ್

ಕಳೆದ ವರ್ಷ ಸೆಪ್ಟೆಂಬರಿನ ಒಂದು ಸಂಜೆ ನನ್ನ ಅಕ್ಕನ ಮಗ ಮತ್ತು ಅವನ ಗೆಳೆಯರು ನಮ್ಮ ಅಂಗಡಿಗೆ ಬಂದರು. ಒಟ್ಟು ಹನ್ನೊಂದು ಹುಡುಗರು, ಎಲ್ಲರೂ ಡಿಪ್ಲೊಮಾ ಮೆಕ್ಯಾನಿಕಲ್ ಕೊನೆಯ ವರ್ಷ. "ಮಾಮ, ಗೋವಾಕ್ಕೆ ಹೋಗ್ಬೇಕು. ಒಂದು ಟೆಂಪೊ ಟ್ರಾವೆಲರ್ ಮಾಡಿಸಿಕೊಡಿ, ರಾತ್ರಿ ಹೊರಟರೆ ಒಂದು ದಿನದ ರೂಮು ಉಳಿಯುತ್ತದೆ" ಎಂದ ಅಳಿಯ. ಆ ಮಾತು ಕೇಳಿ ನನಗೆ ನಮ್ಮದೇ ಟೂರ್ ನೆನಪಾಯಿತು.

2009ರಲ್ಲಿ ನಾವು ಡಿಪ್ಲೊಮಾ ಮುಗಿಸಿದಾಗ ಹೀಗೆಯೇ ಒಂದು ವ್ಯಾನ್ ಮಾಡಿಸಿಕೊಂಡು ರಾತ್ರಿ ಹೊರಟಿದ್ದೆವು. ಬೆಳಗಿನ ಜಾವ ಮೂರು ಗಂಟೆಗೆ ಡ್ರೈವರನಿಗೆ ಜೋಂಪು ಹತ್ತಿತು, ವ್ಯಾನ್ ರಸ್ತೆ ಬಿಟ್ಟು ಚರಂಡಿಗೆ ಇಳಿಯಿತು. ಅಲ್ಲಾಹನ ದಯೆ, ಯಾರಿಗೂ ದೊಡ್ಡ ಗಾಯ ಆಗಲಿಲ್ಲ. ಹಗಲೆಲ್ಲ ಬೇರೆ ಬಾಡಿಗೆ ಓಡಿಸಿ ದಣಿದಿದ್ದ ಅವನನ್ನು, ಬಾಡಿಗೆ ಕಡಿಮೆ ಎಂದು ನಾವೇ ಒಪ್ಪಿಸಿದ್ದೆವು.

ಆ ಟೂರಿನಲ್ಲಿ ಇನ್ನೊಂದು ತಪ್ಪೂ ಆಗಿತ್ತು. ಅದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ನನ್ನ ಪಕ್ಕದ ಬೆಂಚಿನ ಗೆಳೆಯ "ಮನೆಯಲ್ಲಿ ಬಿಡುತ್ತಿಲ್ಲ" ಎಂದು ಬಂದಿರಲಿಲ್ಲ. ಅವನ ಉಪ್ಪ ತುಂಬಾ ಕಟ್ಟುನಿಟ್ಟು ಎಂದು ನಾವು ತಮಾಷೆ ಮಾಡಿದ್ದೆವು. ಈಗ ಜುಬೈಲಿನಲ್ಲಿರುವ ಅವನು ಒಮ್ಮೆ ಫೋನಿನಲ್ಲಿ ಹೇಳಿದ, "ಉಪ್ಪ ಹೋಗು ಅಂತಲೇ ಹೇಳಿದ್ದರು. ದುಡ್ಡು ಇರಲಿಲ್ಲ, ಅಷ್ಟೆ." ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಮನೆಯಲ್ಲಿ ಬಿಡುತ್ತಿಲ್ಲ" ಎಂಬ ಮಾತಿಗೆ ಎಷ್ಟೋ ಸಲ "ಮನೆಯಲ್ಲಿ ದುಡ್ಡಿಲ್ಲ" ಎಂದೇ ಅರ್ಥ. ನಮ್ಮ ಮಕ್ಕಳ ಗುಂಪುಗಳಲ್ಲಿ ಈಗಲೂ ಇದು ನಡೆಯುತ್ತಿದೆ.

ಹುಡುಗರ ಗೋವಾ ಮಾತನ್ನು ಗಲ್ಲಾದ ಹಿಂದೆ ಕೂತಿದ್ದ ಉಪ್ಪ ಕೇಳುತ್ತಿದ್ದರು. ನಲವತ್ತು ವರ್ಷ ಉದ್ದರಿ ಪುಸ್ತಕ ಬರೆದವರು. ಅವರು ಒಂದು ಬಿಲ್ ಪುಸ್ತಕದ ಹಾಳೆಯನ್ನು ಹನ್ನೊಂದು ತುಂಡು ಮಾಡಿ ಕೊಟ್ಟರು. "ಮನೆಯಲ್ಲಿ ಕೇಳದೆ, ಸಾಲ ಮಾಡದೆ ವಾರಕ್ಕೆ ಎಷ್ಟು ತೆಗೆದಿಡಬಹುದು? ಬರೆಯಿರಿ. ಹೆಸರು ಹಾಕಬೇಡಿ" ಎಂದರು. ಚೀಟಿಗಳನ್ನು ಸಕ್ಕರೆ ಡಬ್ಬದ ಮುಚ್ಚಳದಲ್ಲಿ ಹಾಕಿಸಿ ಅವರೇ ಓದಿದರು. ದೊಡ್ಡದು 500, ಸಣ್ಣದು 150. "ಹಾಗಾದರೆ ನಿಮ್ಮ ಟೂರು ವಾರಕ್ಕೆ 150ರದ್ದು" ಎಂದರು. ಒಬ್ಬಿಬ್ಬರ ಮುಖ ಬಾಡಿತು. ಸರಾಸರಿ ತೆಗೆಯಬಹುದಲ್ಲ ಎಂದು ಒಬ್ಬ ಕೇಳಿದ. ಉಪ್ಪ ಹೇಳಿದರು, "ಸರಾಸರಿ ತೆಗೆದರೆ ಅರ್ಧ ಜನಕ್ಕೆ ಹೊರೆ. ಕಡಿಮೆಯದ್ದನ್ನು ಹಿಡಿದರೆ ಯಾರಿಗೂ ಹೊರೆ ಇಲ್ಲ." ನಮ್ಮ ಕಡೆ ಕುರಿ ಕಟ್ಟುವವರಿಗೆ ಇದು ಗೊತ್ತಿದೆ. ಕಂತು ಕಟ್ಟಲಾಗದವನನ್ನು ಸೇರಿಸಿಕೊಂಡ ಕುರಿ ಅರ್ಧದಲ್ಲಿ ಮುರಿಯುತ್ತದೆ.

ಲೆಕ್ಕ ಹಾಕಿದೆವು. ವಾರಕ್ಕೆ 150ರಂತೆ ಹದಿನೆಂಟು ವಾರ ಕಟ್ಟಿದರೆ ತಲೆಗೆ 2,700 ರೂಪಾಯಿ. ಆ ದುಡ್ಡಿಗೆ ಗೋವಾ ಆಗುವುದಿಲ್ಲ. ಆಗ ಗುಂಪಿನಲ್ಲಿದ್ದ ಒಬ್ಬ ಮೆಲ್ಲಗೆ, "ನಮ್ಮೂರಿಗೆ ಬರ್ರಿ" ಎಂದ. ಅವನದು ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿ. ಊರು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿದೆ, ಮನೆಮಾತು ಕನ್ನಡ. ಆ ತಾಲೂಕಿನಲ್ಲಿ ಕನ್ನಡ ಮಾತಾಡುವ ಊರುಗಳು ಬೇಕಾದಷ್ಟಿವೆ, ಕನ್ನಡ ಶಾಲೆಗಳೂ ಇವೆ. ಮಂಗಳೂರಿನಿಂದ ವಿಜಯಪುರಕ್ಕೆ ನೇರ ರೈಲಿದೆ. ಅಲ್ಲಿಂದ ಸೊಲ್ಲಾಪುರಕ್ಕೆ ಬಸ್ಸಿನಲ್ಲಿ ಸುಮಾರು ನೂರು ಕಿಲೋಮೀಟರ್. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ನಲವತ್ತು ಕಿಲೋಮೀಟರ್. ರಾತ್ರಿಯ ಪ್ರಯಾಣವೆಲ್ಲ ರೈಲಿನಲ್ಲಿ, ರಸ್ತೆಯ ಪ್ರಯಾಣವೆಲ್ಲ ಹಗಲಿನಲ್ಲಿ. ಈ ಒಂದು ಕಾರಣಕ್ಕೇ ನಾನು ಒಪ್ಪಿದೆ.

ಪರೀಕ್ಷೆ ಮುಗಿದ ಮೇಲೆ ಮೇ ತಿಂಗಳಲ್ಲಿ ಹೋಗಬೇಕೆಂದು ಅವರ ಆಸೆ. ಅದಕ್ಕೆ ಅಕ್ಕಲಕೋಟೆಯ ಹುಡುಗನೇ ಬೇಡ ಎಂದ. ಮೇಯಲ್ಲಿ ಸೊಲ್ಲಾಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಕರಾವಳಿಯ ನಮಗೆ ಬೆವರು ಸುರಿದರೆ ಮಾತ್ರ ಸೆಕೆ ಎಂದು ಗೊತ್ತಾಗುತ್ತದೆ. ಅಲ್ಲಿಯ ಒಣ ಗಾಳಿಯಲ್ಲಿ ಬೆವರು ಬಂದಲ್ಲೇ ಆರಿಹೋಗುತ್ತದೆ, ಅಂಗಿ ಒದ್ದೆಯಾಗುವುದೇ ಇಲ್ಲ. ಮೈಯ ನೀರು ಹೋಗಿದೆ ಎಂದು ತಿಳಿಯುವಾಗ ತಲೆ ತಿರುಗುತ್ತಿರುತ್ತದೆ. ಹಾಗಾಗಿ ಜನವರಿಯನ್ನೇ ಆರಿಸಿದೆವು, ಅದೂ ಕೊನೆಯ ವಾರ. ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಜಾತ್ರೆ ಇರುತ್ತದೆ. ಆ ಜನಜಂಗುಳಿಯಲ್ಲಿ ಕಡಿಮೆ ಬೆಲೆಗೆ ಲಾಡ್ಜ್ ಹುಡುಕುವುದು ಕಷ್ಟ.

2,700 ರೂಪಾಯಿಯನ್ನು ಹೀಗೆ ಹಂಚಿದೆವು. ರೈಲಿನ ಸ್ಲೀಪರ್ ಹೋಗಿ ಬರಲು 900. ವಿಜಯಪುರ–ಸೊಲ್ಲಾಪುರ ಬಸ್ಸು ಎರಡೂ ಸಲ ಸೇರಿ 340, ಸೊಲ್ಲಾಪುರ–ಅಕ್ಕಲಕೋಟೆ 140. ಸೊಲ್ಲಾಪುರದಲ್ಲಿ ಒಂದು ರಾತ್ರಿಯ ಲಾಡ್ಜ್ 250. ಊಟ ತಿಂಡಿಗೆ 600. ಆಟೊ ಮತ್ತು ಕೋಟೆ, ಗುಮ್ಮಟದ ಟಿಕೆಟುಗಳಿಗೆ 120. ಇದು 2,350 ಆಯಿತು. ಉಳಿದ 350ರಲ್ಲಿ 200 ಆಪತ್ತಿನ ಹಣ, ಖರ್ಚಾಗದಿದ್ದರೆ ವಾಪಸ್. ಕೊನೆಯ 150 ಆತಿಥ್ಯದ ಮನೆಗೆ.

ಈ ಕೊನೆಯ 150ರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗೆಳೆಯನ ಮನೆಯಲ್ಲಿ ಎರಡು ರಾತ್ರಿ ಉಳಿದರೆ ಲಾಡ್ಜ್ ಖರ್ಚು ಉಳಿಯಿತು ಎಂದು ಹುಡುಗರು ಸಂತೋಷಪಟ್ಟಿದ್ದರು. ಖರ್ಚು ಉಳಿಯಲಿಲ್ಲ, ಆ ಮನೆಯವರ ತಲೆಗೆ ಹೋಯಿತು. ಹನ್ನೆರಡು ಜನಕ್ಕೆ ಎರಡು ದಿನ ರೊಟ್ಟಿ ಬಡಿಯಲು ಎಷ್ಟು ಹಿಟ್ಟು, ಎಷ್ಟು ಎಣ್ಣೆ, ಎಷ್ಟು ಕೈಗಳು ಬೇಕು? ಅವರು ಬೇಸಾಯದವರು, ಶ್ರೀಮಂತರಲ್ಲ. ಹಣ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ, ಬೇಜಾರು ಬೇರೆ. ಹಾಗಾಗಿ ಹತ್ತು ಹುಡುಗರ 1,500 ರೂಪಾಯಿಗೆ ನಮ್ಮ ಅಂಗಡಿಯಿಂದಲೇ ತೆಂಗಿನಕಾಯಿ, ಕರಿಮೆಣಸು, ಗೇರುಬೀಜ ಕಟ್ಟಿಸಿದೆವು. ಊರಿನಿಂದ ತಂದದ್ದನ್ನು ಯಾರೂ ಬೇಡ ಎನ್ನುವುದಿಲ್ಲ. ಆ ಮನೆಯ ಹುಡುಗನಿಗೆ ಹದಿನೆಂಟನೆಯ ವಾರದ ಕಂತು ಮಾಫಿ ಮಾಡಿದೆವು. ತನ್ನ ಮನೆಗೆ ತಾನೇ ಕಾಣಿಕೆ ಕೊಡುವುದು ಸರಿಯಲ್ಲ. ಹಿರಿಯನೆಂದು ಜೊತೆಗೆ ಹೊರಟ ನಾನು ನನ್ನ ಖರ್ಚನ್ನು ಬೇರೆಯೇ ಇಟ್ಟುಕೊಂಡೆ.

ಹಣ ಕೂಡಿಡುವ ಕ್ರಮವನ್ನೂ ಉಪ್ಪನೇ ಹೇಳಿದರು. ಪುಸ್ತಕದಲ್ಲಿ ಹೆಸರಿಲ್ಲ, ಒಂದರಿಂದ ಹನ್ನೊಂದರವರೆಗೆ ನಂಬರು. ಯಾವ ನಂಬರು ಯಾರದ್ದು ಎಂದು ಉಪ್ಪನಿಗೆ ಮತ್ತು ಆ ಹುಡುಗನಿಗೆ ಮಾತ್ರ ಗೊತ್ತು. ಯಾವಾಗ ಬೇಕಾದರೂ ಅಂಗಡಿಗೆ ಬಂದು ಕೊಡಬಹುದು. ವಾಟ್ಸಾಪ್ ಗುಂಪಿನಲ್ಲಿ "ಇವರು ಕಟ್ಟಿದ್ದಾರೆ, ಇವರದು ಬಾಕಿ" ಎಂದು ಪಟ್ಟಿ ಹಾಕುವಂತಿಲ್ಲ. ಶನಿವಾರ ಒಟ್ಟು ಮೊತ್ತ ಮಾತ್ರ ಹಾಕಬಹುದು. ಬಿಟ್ಟು ಹೋಗುವವನ ಬಗ್ಗೆ ಮೊದಲ ದಿನವೇ ನಿಯಮ ಬರೆದೆವು. ಕಟ್ಟಿದ್ದರಲ್ಲಿ ಟಿಕೆಟ್ ರದ್ದತಿಯ ಕಡಿತ ಮಾತ್ರ ಹಿಡಿದು ಉಳಿದದ್ದು ವಾಪಸ್. ಕನ್ಫರ್ಮ್ ಆದ ಸ್ಲೀಪರ್ ಟಿಕೆಟನ್ನು ರೈಲು ಹೊರಡುವ 48 ಗಂಟೆಗಿಂತ ಮೊದಲು ರದ್ದು ಮಾಡಿದರೆ ಆಗ ತಲೆಗೆ 120 ರೂಪಾಯಿ ಹಿಡಿಯುತ್ತಿದ್ದರು. ನಷ್ಟ ಎಷ್ಟೆಂದು ಮೊದಲೇ ಗೊತ್ತಿದ್ದರೆ ಆಮೇಲೆ ಜಗಳ ಬರುವುದಿಲ್ಲ.

ರೈಲಿನ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಹಾಗಾಗಿ ಒಂಬತ್ತನೆಯ ವಾರಕ್ಕೆ ಟಿಕೆಟಿನ ಹಣ ಕೈಯಲ್ಲಿರಬೇಕು. ಹನ್ನೊಂದು ಜನರ ಒಂಬತ್ತು ವಾರದ ಹಣ 14,850 ಆಗಿತ್ತು, ಎರಡೂ ಕಡೆಯ ಟಿಕೆಟಿಗೆ 9,900 ಸಾಕು. ಒಂದು ಟಿಕೆಟಿನಲ್ಲಿ ಆರು ಜನಕ್ಕಿಂತ ಹೆಚ್ಚು ಹಾಕಲು ಬರುವುದಿಲ್ಲ, ಆದ್ದರಿಂದ ನನ್ನನ್ನೂ ಸೇರಿಸಿ ಆರಾರು ಜನರ ಎರಡು ಟಿಕೆಟ್ ಮಾಡಿಸಿದೆವು. ಹೋಗುವ ಟಿಕೆಟ್ ಮಾಡಿಸಿದ ದಿನ ಬರುವ ಟಿಕೆಟ್ ಸಿಗಲಿಲ್ಲ. ಅದರ 60 ದಿನದ ಲೆಕ್ಕ ನಾಲ್ಕು ದಿನ ತಡವಾಗಿ ಶುರುವಾಗುತ್ತದೆ. ಇದನ್ನು ಮರೆತು ಎಷ್ಟೋ ಜನ ಬರುವಾಗ ವೇಟಿಂಗ್ ಲಿಸ್ಟಿನಲ್ಲಿ ಸಿಕ್ಕಿಬೀಳುತ್ತಾರೆ. ವಿದ್ಯಾರ್ಥಿ ರಿಯಾಯಿತಿಯನ್ನೂ ವಿಚಾರಿಸಿದೆವು. ಅದು ಕಾಲೇಜೇ ಶೈಕ್ಷಣಿಕ ಪ್ರವಾಸವೆಂದು ಪತ್ರ ಕೊಟ್ಟು ಕಳಿಸಿದಾಗ ಸಿಗುವಂಥದ್ದು. ಇದು ಹುಡುಗರ ಸ್ವಂತ ಟೂರು, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹನ್ನೊಂದನೆಯ ವಾರದ ನಂತರ ಒಂದು ನಂಬರಿನ ಕಂತು ನಿಂತಿತು. ಎರಡು ವಾರ ಕಳೆದರೂ ಬರಲಿಲ್ಲ. ಉಪ್ಪ ಯಾರನ್ನೂ ಕೇಳಲಿಲ್ಲ. ಅಂಗಡಿಯಲ್ಲಿ ವರ್ಷದ ಸ್ಟಾಕ್ ಎಣಿಸುವ ಕೆಲಸವಿದೆ, ಮೂರು ಭಾನುವಾರಕ್ಕೆ ಮೂರು ಹುಡುಗರು ಬೇಕು, ಅರ್ಧ ದಿನಕ್ಕೆ 350 ಕೂಲಿ ಎಂದು ಅಳಿಯನ ಹತ್ತಿರ ಹೇಳಿ ಕಳಿಸಿದರು. ಯಾರು ಬರಬೇಕೆಂದು ಮೂವರಿಗೂ ಅವರೇ ಫೋನ್ ಮಾಡಿದರು. ಅಕ್ಕಿ ಮೂಟೆ ಸರಿಸಿ, ಸಾಬೂನು ಎಣಿಸಿ, ಮೂವರೂ ಕೂಲಿ ತೆಗೆದುಕೊಂಡು ಹೋದರು. ಬಾಕಿ ಇದ್ದದ್ದು ಏಳು ವಾರದ 1,050 ರೂಪಾಯಿ. ಮೂರು ಭಾನುವಾರದ ಕೂಲಿಯೂ ಅಷ್ಟೇ. ಹದಿನೆಂಟನೆಯ ವಾರಕ್ಕೆ ಪುಸ್ತಕದಲ್ಲಿ ಎಲ್ಲ ನಂಬರುಗಳೂ ಸರಿಯಾಗಿದ್ದವು.

ಬುಧವಾರ ಮಧ್ಯಾಹ್ನ ಮಂಗಳೂರು ಜಂಕ್ಷನ್ನಿನಿಂದ ಹೊರಟೆವು. ರಾತ್ರಿಯ ಊಟ ಎಲ್ಲರ ಮನೆಯದ್ದು. ಉಮ್ಮ ಕೊಟ್ಟ ಪತ್ತಿರಿಯನ್ನು ಅಕ್ಕಲಕೋಟೆಯ ಹುಡುಗ ಮೊದಲು ಖಾಲಿ ಮಾಡಿದ. ಗುರುವಾರ ಬೆಳಿಗ್ಗೆ ವಿಜಯಪುರ. ಗೋಳಗುಮ್ಮಟ ಸ್ಟೇಷನ್ನಿಗೆ ಹತ್ತಿರ, ಆಟೊ ಬೇಕಾಗಲಿಲ್ಲ. ಮಧ್ಯಾಹ್ನದ ಬಸ್ಸು ಹಿಡಿದು ಸಂಜೆ ಬೆಳಕಿರುವಾಗಲೇ ಸೊಲ್ಲಾಪುರ ಸೇರಿದೆವು. ಲಾಡ್ಜಿನಲ್ಲಿ ಪ್ರತಿಯೊಬ್ಬನ ಗುರುತಿನ ಚೀಟಿ ಕೇಳಿದರು, ಇಬ್ಬರು ತಂದಿರಲಿಲ್ಲ. ಮನೆಯಿಂದ ಫೋಟೊ ತರಿಸಿ, ಮ್ಯಾನೇಜರನ್ನು ಒಪ್ಪಿಸುವಷ್ಟರಲ್ಲಿ ಒಂದು ಗಂಟೆ ಹೋಯಿತು. ಹೊರಡುವ ಮುಂಚೆ ಬ್ಯಾಗು ನೋಡಬೇಕಾಗಿದ್ದ ನಾನು ನೋಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಭುಯಿಕೋಟ್ ಕೋಟೆ. ಅದರ ಪಕ್ಕದಲ್ಲೇ ಕೆರೆ, ಕೆರೆಯ ನಡುವೆ ಸಿದ್ಧೇಶ್ವರ ಗುಡಿ. ವಚನ ಬರೆದ ಸಿದ್ಧರಾಮನ ಸೊನ್ನಲಿಗೆ ಇದೇ ಊರು ಎಂದಾಗ ಹುಡುಗರಿಗೆ ಆಶ್ಚರ್ಯ. ಶಾಲೆಯಲ್ಲಿ ಓದಿದವನು ಮಹಾರಾಷ್ಟ್ರದವನು ಎಂದು ಅವರು ಎಣಿಸಿರಲಿಲ್ಲ. 1930ರಲ್ಲಿ ಬ್ರಿಟಿಷರು ಈ ಊರಿನಲ್ಲಿ ಮಾರ್ಷಲ್ ಲಾ ಹೇರಿದ್ದರು. ಮರುವರ್ಷ ಜನವರಿ 12ರಂದು ನಾಲ್ವರನ್ನು ಗಲ್ಲಿಗೇರಿಸಿದರು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರ್ಡಾ. ಆ ನಾಲ್ಕು ಹೆಸರುಗಳನ್ನು ಅಳಿಯ ತನ್ನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡ. ಜುಮಾ ಹೊತ್ತಿಗೆ ನಾವು ಮಸೀದಿಗೆ ಹೋದೆವು, ಉಳಿದವರು ಕೆರೆ ದಂಡೆಯ ನೆರಳಲ್ಲಿ ಬ್ಯಾಗು ಕಾದರು.

ಊಟದ ಲೆಕ್ಕದಲ್ಲೂ ಒಂದು ನಿಯಮವಿತ್ತು. ಸಾಮಾನ್ಯ ಹಣದಿಂದ ಎಲ್ಲರೂ ತಿನ್ನುವಂಥದ್ದು ಮಾತ್ರ. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಅನ್ನ, ಚಹಾ. ಮಾಂಸ ಬೇಕಾದವರು ವಿಜಾಪುರ ವೇಸ್ ಕಡೆ ಹೋಗಿ ಸ್ವಂತ ದುಡ್ಡಿನಲ್ಲಿ ತಿನ್ನಬಹುದು. ಸಸ್ಯಾಹಾರಿ ಹುಡುಗ ನಮ್ಮ ಮಟನ್ನಿಗೆ ಯಾಕೆ ದುಡ್ಡು ಕೊಡಬೇಕು? ನಗದು ಒಬ್ಬನ ಕೈಯಲ್ಲಿ, ಪುಸ್ತಕ ಇನ್ನೊಬ್ಬನ ಕೈಯಲ್ಲಿ ಇತ್ತು. ಒಬ್ಬನೇ ಫೋನಿನಿಂದ ಕಟ್ಟಿ ಆಮೇಲೆ ಹಂಚುವ ಪದ್ಧತಿ ಬೇಡ ಎಂದೆ. ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ಕೇಳಲು ಸಂಕೋಚಪಟ್ಟು ಕೊನೆಗೆ ಒಬ್ಬನೇ ಸೋಲುತ್ತಾನೆ.

ಮಧ್ಯಾಹ್ನದ ನಂತರದ ಗಂಟೆಯನ್ನು ಹುಡುಗರು ಈಗಲೂ ನೆನೆಸುತ್ತಾರೆ, ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಿಲ್ಲ. ಅಕ್ಕಲಕೋಟೆ ರಸ್ತೆಯ ಎಂಐಡಿಸಿಯಲ್ಲಿ ಪವರ್‌ಲೂಮ್‌ಗಳಿವೆ. ಅಕ್ಕಲಕೋಟೆಯ ಹುಡುಗನ ಪರಿಚಯದವರ ಒಂದು ಸಣ್ಣ ಘಟಕಕ್ಕೆ ಮೊದಲೇ ಕೇಳಿ ಹೋಗಿದ್ದೆವು. ಮನೆಯಲ್ಲಿ ಹೊದೆಯುವ ಸೊಲ್ಲಾಪುರ ಚಾದರ ಹುಟ್ಟುವುದನ್ನು ನೋಡಿದೆವು. ಮಗ್ಗದ ಮೇಲೆ ಜಕಾರ್ಡ್, ಅದರಲ್ಲಿ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ. ತೂತು ಇದೆಯೋ ಇಲ್ಲವೋ ಎಂಬುದರ ಮೇಲೆ ಯಾವ ನೂಲು ಏಳಬೇಕು, ಯಾವುದು ಕೆಳಗಿರಬೇಕು ಎಂದು ತೀರ್ಮಾನವಾಗುತ್ತದೆ. ಎದ್ದ ನೂಲುಗಳ ಮತ್ತು ಕೆಳಗಿರುವ ನೂಲುಗಳ ನಡುವೆ ಲಾಳಿ ಹಾರುತ್ತದೆ. ಒಳಗೆ ಹೋಗುವ ಮುಂಚೆ ಹುಡುಗರಿಗೆ ಎರಡು ಮಾತು ಹೇಳಿದ್ದೆ. ಕುತ್ತಿಗೆಯ ಐಡಿ ಕಾರ್ಡಿನ ದಾರ ತೆಗೆಯಿರಿ, ಬೆಲ್ಟಿಗೆ ಸಿಕ್ಕಿದರೆ ಎಳೆದುಕೊಳ್ಳುತ್ತದೆ. ಮಗ್ಗದ ಎರಡು ತುದಿಗಳ ನೇರಕ್ಕೆ ನಿಲ್ಲಬೇಡಿ, ಲಾಳಿ ತಪ್ಪಿದರೆ ಆ ದಿಕ್ಕಿಗೇ ಹೊರಗೆ ಹಾರುತ್ತದೆ. ಮುಂದೆ ನಿಂತು ನೋಡಿ. ಕಿವಿಗೆ ಹತ್ತಿ ಇಟ್ಟುಕೊಂಡೂ ಆ ಸದ್ದಿಗೆ ಮಾತು ಕೇಳುತ್ತಿರಲಿಲ್ಲ.

ಸಂಜೆ ಹಳ್ಳಿ ಸೇರಿದಾಗ ಗೆಳೆಯನ ಅಪ್ಪ ಅಂಗಳದಲ್ಲೇ ನಿಂತಿದ್ದರು. "ಬರ್ರಿ ತಮ್ಮಾ, ಮೊದಲ ನೀರು ಕುಡೀರಿ" ಎಂದರು. ತೆಂಗಿನಕಾಯಿ ಮೂಟೆ ಕಂಡು, "ಇಷ್ಟ್ಯಾಕ ಹೊತ್ಕೊಂಡು ಬಂದ್ರಿ" ಎಂದು ಬೈದೇ ಒಳಗೆ ಇಡಿಸಿದರು. ರಾತ್ರಿ ಮಾಳಿಗೆಯ ಮೇಲೆ ಮಲಗಿದೆವು. ಚಳಿ ಎಷ್ಟಿತ್ತೆಂದರೆ ಸೊಲ್ಲಾಪುರದಲ್ಲಿ ಕೊಂಡ ಚಾದರಗಳನ್ನು ಕೊಂಡವರು ಆ ರಾತ್ರಿಯೇ ಬಿಚ್ಚಿದರು.

ಶನಿವಾರ ಅಕ್ಕಲಕೋಟೆ ಪೇಟೆಗೆ ಹೋದೆವು. ಗುರುವಾರ ಅಲ್ಲಿ ಸ್ವಾಮಿ ಸಮರ್ಥರ ಭಕ್ತರ ದಟ್ಟಣೆ ಹೆಚ್ಚು, ಆದ್ದರಿಂದ ಆ ದಿನ ತಪ್ಪಿಸಿದ್ದೆವು. ಅಲ್ಲಿಯ ಅನ್ನಛತ್ರದಲ್ಲಿ ಬಂದವರಿಗೆಲ್ಲ ಊಟ ಉಚಿತ. ಕೆಲವರು ಅಲ್ಲಿ ಉಂಡರು, ಕೆಲವರು ಹೊರಗೆ ತಿಂದರು. ಯಾರನ್ನೂ ಯಾರೂ ಒತ್ತಾಯ ಮಾಡಲಿಲ್ಲ. ಅಕ್ಕಲಕೋಟೆ ಹಿಂದೆ ಭೋಸಲೆ ಮನೆತನದ ಸಂಸ್ಥಾನ. ಅರಮನೆಯ ಶಸ್ತ್ರಾಗಾರದಲ್ಲಿ ಹಳೆಯ ಬಂದೂಕುಗಳ ಮುಂದೆ ನಮ್ಮ ಮೆಕ್ಯಾನಿಕಲ್ ಹುಡುಗರು ಅಲುಗಾಡಲೇ ಇಲ್ಲ.

ಸಂಜೆ ಹೊಲದಲ್ಲಿ ಸೀತನಿ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಉದುರಿಸಿ, ಶೇಂಗಾ ಚಟ್ನಿಯ ಜೊತೆ ತಿನ್ನುವುದು. ಇದು ಚಳಿಗಾಲದಲ್ಲಿ ಮಾತ್ರ ಸಿಗುತ್ತದೆ. ಹೊಲದಲ್ಲಿ ಒಂದು ದೊಡ್ಡ ಬಾವಿ ಇತ್ತು. ಉಳ್ಳಾಲದ ಕಡೆಯ ಒಬ್ಬ ಅಂಗಿ ಬಿಚ್ಚಿಯೇ ಬಿಟ್ಟಿದ್ದ. ನಾನು ತಡೆದೆ, ಅವನಿಗೆ ಸಿಟ್ಟು. "ಸಮುದ್ರದಲ್ಲಿ ಈಜುವವನು ನಾನು" ಎಂದ. ಗೆಳೆಯನ ಅಪ್ಪ ಅವನನ್ನು ಬಾವಿಯ ಕಟ್ಟೆಗೆ ಕರೆದು ಕೆಳಗೆ ತೋರಿಸಿದರು. "ದಂಡಿ ಎಲ್ಲೈತಿ ನೋಡು" ಎಂದರು. ಮೆಟ್ಟಿಲಿಲ್ಲ, ಹಿಡಿಯಲು ಕಲ್ಲಿಲ್ಲ, ನೀರು ತುಂಬಾ ಕೆಳಗೆ. ದಣಿದರೆ ಕಾಲೂರಲು ಜಾಗವಿಲ್ಲ, ಹಾರಿದವನನ್ನು ಎತ್ತಲು ಹಗ್ಗವೂ ಇಲ್ಲ. ಹುಡುಗ ಅಂಗಿ ಹಾಕಿಕೊಂಡ.

ಅದೇ ರಾತ್ರಿ ಸೀತನಿ ಮಿತಿಮೀರಿ ತಿಂದ ಇನ್ನೊಬ್ಬನಿಗೆ ವಾಂತಿ, ಭೇದಿ. ಓಆರ್‌ಎಸ್ ಪ್ಯಾಕೆಟ್ ನಮ್ಮ ಹತ್ತಿರ ಇತ್ತು, ಒಂದೊಂದೇ ಗುಟುಕು ಕುಡಿಸಿದೆವು. ಆದರೆ ಅವನ ನಾಲಿಗೆ ಒಣಗಿತ್ತು, ಹೊತ್ತಾದರೂ ಮೂತ್ರ ಹೋಗಿರಲಿಲ್ಲ. ಇದು ಕಾಯುವ ಹೊತ್ತಲ್ಲ ಎಂದು ಗಾಡಿ ಮಾಡಿ ಡಾಕ್ಟರ ಹತ್ತಿರ ಕರೆದೊಯ್ದೆವು. ಗಾಡಿ, ಡಾಕ್ಟರು, ಔಷಧಿ ಸೇರಿ 550 ರೂಪಾಯಿ. "ನನ್ನಿಂದ ಆಯಿತು, ನಾನೇ ಕೊಡುತ್ತೇನೆ" ಎಂದ ಆ ಹುಡುಗ. ಆಪತ್ತಿನ ಹಣ ಇರುವುದೇ ಇದಕ್ಕೆ, ಯಾರ ತಪ್ಪು ಎಂದು ಕೇಳುವುದಕ್ಕಲ್ಲ ಎಂದು ಪುಸ್ತಕದವನೇ ಬರೆದುಕೊಂಡ.

ಭಾನುವಾರ ಬೆಳಿಗ್ಗೆ ಏಳಕ್ಕೇ ಹಳ್ಳಿ ಬಿಟ್ಟೆವು. ರೈಲು ಸಂಜೆಯದ್ದು, ಆದರೆ ಎರಡು ಬಸ್ಸು ಬದಲಿಸಬೇಕು. ಒಂದು ತಪ್ಪಿದರೂ ಇನ್ನೊಂದಕ್ಕೆ ಸಮಯ ಬೇಕು. ಮಧ್ಯಾಹ್ನ ಒಂದಕ್ಕೆ ವಿಜಯಪುರದಲ್ಲಿದ್ದೆವು. ಪ್ಲಾಟ್‌ಫಾರ್ಮಿನಲ್ಲಿ ಕೂತು ಲೆಕ್ಕ ಮುಗಿಸಿದರು. ಬಸ್ಸಿನಲ್ಲಿ ಹೆಚ್ಚಾದದ್ದು ಊಟದಲ್ಲಿ ಉಳಿದು ಸರಿಹೋಗಿತ್ತು. ಆಪತ್ತಿನ ಹಣ 2,200ರಲ್ಲಿ 1,650 ಉಳಿದಿತ್ತು. ತಲೆಗೆ 150 ವಾಪಸ್, ಸರಿಯಾಗಿ ಒಂದು ವಾರದ ಕಂತು.

ಆ ಪುಸ್ತಕ ಈಗಲೂ ಗಲ್ಲಾದ ಕೆಳಗಿದೆ. ಮೂರು ಭಾನುವಾರ ಬಂದ ಮೂವರಲ್ಲಿ ಕಂತು ನಿಂತದ್ದು ಯಾರದ್ದೆಂದು ನಾನು ಉಪ್ಪನನ್ನು ಕೇಳಿಲ್ಲ. ಕೇಳಿದರೂ ಅವರು ಹೇಳುವವರಲ್ಲ. ಮಾಳಿಗೆಯ ಮೇಲೆ ತೆಗೆದ ಫೋಟೊದಲ್ಲಿ ಹನ್ನೊಂದೂ ಜನ ಇದ್ದಾರೆ. ಅದನ್ನು ನಾನು ಜುಬೈಲಿನ ಗೆಳೆಯನಿಗೆ ಕಳಿಸಿದೆ. ಅವನು ಬಹಳ ಹೊತ್ತು ಏನೂ ಬರೆಯಲಿಲ್ಲ. ಆಮೇಲೆ ಒಂದೇ ಸಾಲು ಬಂತು: "ಎಲ್ಲರೂ ಹೋಗಿದ್ದಾರಲ್ಲ, ಅಲ್‌ಹಮ್ದುಲಿಲ್ಲಾಹ್."